ವಿಜ್ಞಾನ ದಿನ: ಹನ್ನೊಂದೂವರೆಯ ಬಿಸಿಲಲ್ಲಿ ಪೈಪಿನ ನೀರಿನ ಕಾಮನಬಿಲ್ಲು ಮಕ್ಕಳಿಗೆ ಕಾಣಿಸುವುದು ಹೇಗೆ?

ಬಿಸಿಲುಮಳೆ

ನಮ್ಮ ಶಾಲೆಯ ವಿಜ್ಞಾನ ದಿನಕ್ಕೆ ಐದರಿಂದ ಏಳನೇ ತರಗತಿ ಮಕ್ಕಳಿಗೆ ಕಾಮನಬಿಲ್ಲಿನ ಬಗ್ಗೆ ಮಾತಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಟ್ಟು 25 ನಿಮಿಷ. ಮೈದಾನದಲ್ಲಿ ಪೈಪಿನಿಂದ ನೀರು ಚಿಮ್ಮಿಸಿ ಬಿಲ್ಲು ತೋರಿಸಬೇಕು, ಆಮೇಲೆ ಅದು ಯಾಕೆ ಬಂತು ಅಂತ ಹೇಳಬೇಕು. ಸಮಯ ಬೆಳಗ್ಗೆ ಹನ್ನೊಂದೂವರೆ. ಅದನ್ನು ಬದಲಾಯಿಸಲು ಆಗಲ್ಲ ಅಂದಿದ್ದಾರೆ.

ನಿನ್ನೆ ಅದೇ ಹೊತ್ತಿಗೆ ಒಂದು ಪ್ರಯೋಗ ನಡೆಯಿತು. ಮಕ್ಕಳು ಸುತ್ತ ನಿಂತಿದ್ದರು. ನಮ್ಮ ತೋಟ ನೋಡಿಕೊಳ್ಳುವವರು ಪೈಪ್ ಎತ್ತಿ ಹಿಡಿದು, ನೀರು ಮಳೆಯ ಹಾಗೆ ಮೇಲಿಂದ ಬೀಳುವಂತೆ ಮಾಡಿದರು. ಸ್ವಲ್ಪ ಹೊತ್ತಾದ ಮೇಲೆ ಅವರು "ಕಾಣ್ತಿದೆ, ಕಾಣ್ತಿದೆ" ಅಂತ ಕೆಳಗೆ ತೋರಿಸಿದರು. ಅವರ ಪಕ್ಕದಲ್ಲಿದ್ದ ಇಬ್ಬರು ಮಕ್ಕಳೂ ಹೌದು ಅಂದರು. ಉಳಿದವರಿಗೆ ಏನೂ ಕಾಣಲಿಲ್ಲ. ಎದುರಿಗೆ ನಿಂತಿದ್ದ ಹುಡುಗಿಯೊಬ್ಬಳು "ಟೀಚರ್, ಅವರು ಸುಳ್ಳು ಹೇಳ್ತಿದ್ದಾರೆ" ಅಂದುಬಿಟ್ಟಳು.

ಈ ಹೊತ್ತಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಮಾಡಲು ಸಾಧ್ಯವಾ? ಕಾರಣ ಹೇಳುವಾಗ ಎಷ್ಟು ಆಳಕ್ಕೆ ಇಳಿಯಬಹುದು?

ಪ್ರಿಸಂ ಪ್ರಿಯ

ಆ ಹೊತ್ತಲ್ಲಿ ಕಷ್ಟ ಮೇಡಂ. ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಕಾಮನಬಿಲ್ಲು ಬರುವುದೇ ಇಲ್ಲ. ಅದಕ್ಕೇ ಅದು ಬೆಳಗ್ಗೆ, ಸಂಜೆ ಮಾತ್ರ ಕಾಣುವುದು. ಬೇರೆ ಸಮಯ ಕೇಳಿ ನೋಡಿ, ಇಲ್ಲದಿದ್ದರೆ ಒಳಗೆ ಪ್ರಿಸಂ ಇಟ್ಟು ತೋರಿಸಿ. ತತ್ವ ಒಂದೇ ಅಲ್ವಾ, ಪ್ರತಿ ಹನಿಯೂ ಒಂದು ಪುಟ್ಟ ಪ್ರಿಸಂ.

ಹನಿಲೆಕ್ಕ

ಪ್ರಿಸಂ ಪ್ರಿಯ ಅವರು ಹೇಳಿದ್ದು ಆಕಾಶದ ಬಿಲ್ಲಿಗೆ ಸರಿ, ಪೈಪಿನ ಬಿಲ್ಲಿಗೆ ಅಲ್ಲ. ಸೂರ್ಯ 42 ಡಿಗ್ರಿ ದಾಟಿದರೆ ಇಡೀ ಬಿಲ್ಲು ದಿಗಂತದ ಕೆಳಗೆ ಹೋಗುತ್ತದೆ, ಅಷ್ಟೇ. ಮಳೆ ಬೀಳುವಾಗ ನಿಮಗೂ ನೆಲಕ್ಕೂ ನಡುವೆ ಇರುವ ಹನಿಗಳು ಕಡಿಮೆ, ಹಾಗಾಗಿ ಅಲ್ಲಿ ಏನೂ ಎದ್ದು ಕಾಣುವುದಿಲ್ಲ. ಪೈಪ್ ಇದ್ದರೆ ಆ ಜಾಗದಲ್ಲಿ ಬೇಕಾದಷ್ಟು ಹನಿ ತುಂಬಬಹುದು. ಆಗ ನಡು ಮಧ್ಯಾಹ್ನವೂ ಬಿಲ್ಲು ಕಾಣುತ್ತದೆ. ನೋಡಬೇಕಾದ್ದು ಮೇಲಕ್ಕಲ್ಲ, ಕೆಳಕ್ಕೆ.

ಪೈಪ್ ಹಿಡಿದವರು ಸುಳ್ಳು ಹೇಳಿಲ್ಲ. ಅವರು ಬಿಸಿಲಿಗೆ ಬೆನ್ನು ಹಾಕಿ ನಿಂತಿದ್ದರು, ಬೀಳುವ ನೀರು ಅವರ ಮುಂದೆ ಕೆಳಗಡೆ ಇತ್ತು. ಆ ಹುಡುಗಿಯೂ ಸುಳ್ಳು ಹೇಳಿಲ್ಲ. ಅವಳು ಸೂರ್ಯನ ಕಡೆ ಮುಖ ಮಾಡಿದ್ದಳು. ಅಲ್ಲಿಂದ ಎಷ್ಟು ಹೊತ್ತು ನೋಡಿದರೂ ಈ ಬಿಲ್ಲು ಸಿಗಲ್ಲ.

ಒಂದು ಕೆಲಸ ಮಾಡಿ. ನಾಳೆ ಹನ್ನೊಂದೂವರೆಗೆ ಒಂದು ಮೀಟರ್ ಉದ್ದದ ಕೋಲನ್ನು ಸಮತಟ್ಟಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಅದರ ನೆರಳು ಎಷ್ಟು ಉದ್ದ ಅಂತ ಅಳೆದು ಇಲ್ಲಿ ಬರೆಯಿರಿ. ಆಮೇಲೆ ನೀರು ಯಾವ ಎತ್ತರದಲ್ಲಿ ಇರಬೇಕು ಅಂತ ಸರಿಯಾಗಿ ಹೇಳಬಹುದು.

ಕನ್ನಡಿಚೂರು

ಒಂದು ಬೋಗುಣಿಯಲ್ಲಿ ನೀರು ಹಾಕಿ, ಅದರೊಳಗೆ ಕನ್ನಡಿಯನ್ನು ಓರೆಯಾಗಿ ಇಟ್ಟು, ಕಿಟಕಿಯ ಬಿಸಿಲಿಗೆ ಹಿಡಿದರೆ ಗೋಡೆ ಮೇಲೆ ಬಣ್ಣ ಬೀಳುತ್ತೆ. ನನ್ನ ಮಗ ಮಾಡಿದ್ದ, ತುಂಬಾ ಚೆನ್ನಾಗಿ ಬಂತು. ಸಿಡಿ ಇದ್ದರೆ ಇನ್ನೂ ಸುಲಭ. ಪೈಪು ನೀರು ಕೆಸರು ಅಂತ ಯಾಕೆ ಒದ್ದಾಡ್ತೀರಿ?

ಬಿಸಿಲುಮಳೆ

ಕನ್ನಡಿಚೂರು ಅವರೇ, ಬಣ್ಣ ತೋರಿಸಬೇಕು ಅನ್ನುವುದಷ್ಟೇ ಇದ್ದರೆ ಅದು ಸಾಕಿತ್ತು. ನನಗೆ ಬೇಕಾಗಿರುವುದು ಬಿಲ್ಲು. ಅದು ಯಾಕೆ ಬಾಗಿರುತ್ತದೆ, ಯಾಕೆ ಒಂದೇ ಜಾಗದಲ್ಲಿ ಕಾಣುತ್ತದೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಕನ್ನಡಿ, ಬೋಗುಣಿಯಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ.

ಹನಿಲೆಕ್ಕ

ಸಿಡಿಯ ಬಣ್ಣಕ್ಕೆ ಕಾರಣವೇ ಬೇರೆ. ಅಲ್ಲಿ ಬೆಳಕು ಬಣ್ಣಗಳಾಗಿ ಬಿಡಿಸಿಕೊಳ್ಳುವುದು ತೀರಾ ಹತ್ತಿರ ಹತ್ತಿರ ಇರುವ ಸಾಲುಗಳಿಂದ, ಒಂದು ವಸ್ತುವಿನೊಳಗೆ ಹೋಗಿ ಬಾಗುವುದರಿಂದ ಅಲ್ಲ. ಅದನ್ನೂ ಇದನ್ನೂ ಒಂದೇ ಮಾತಿನಲ್ಲಿ ಸೇರಿಸಬೇಡಿ.

ಬಿಸಿಲುಮಳೆ

ನೆರಳು ಅಳೆದೆ. ಒಂದು ಮೀಟರ್ ಕೋಲಿಗೆ 58 ಸೆಂಟಿಮೀಟರ್ ನೆರಳು.

ಹನಿಲೆಕ್ಕ

ಹಾಗಾದರೆ ಸೂರ್ಯ ದಿಗಂತದಿಂದ ಸುಮಾರು 60 ಡಿಗ್ರಿ ಮೇಲಿದ್ದಾನೆ. ಇನ್ನು ಲೆಕ್ಕ ಸುಲಭ.

ಮಗುವಿನ ತಲೆಯ ನೆರಳು ಎಲ್ಲಿ ಬೀಳುತ್ತದೋ ಅದೇ ಬಿಲ್ಲಿನ ಕೇಂದ್ರ. ಸೂರ್ಯ 60 ಡಿಗ್ರಿ ಮೇಲಿದ್ದರೆ ಆ ನೆರಳು ಕಣ್ಣಿನ ಮಟ್ಟದಿಂದ 60 ಡಿಗ್ರಿ ಕೆಳಗಿರುತ್ತದೆ. ಬಿಲ್ಲಿನ ನೆತ್ತಿ ಕೇಂದ್ರದಿಂದ 42 ಡಿಗ್ರಿ ಮೇಲೆ. ಅಂದರೆ ನೆತ್ತಿಯೂ ಕಣ್ಣಿನ ಮಟ್ಟಕ್ಕಿಂತ 18 ಡಿಗ್ರಿ ಕೆಳಗೇ ಉಳಿಯುತ್ತದೆ.

ಮಗುವಿನ ಕಣ್ಣು ನೆಲದಿಂದ 1.2 ಮೀಟರ್ ಎತ್ತರದಲ್ಲಿದೆ, ನೀರಿನ ತೆರೆ ಎರಡು ಮೀಟರ್ ಮುಂದಿದೆ ಅಂದುಕೊಳ್ಳಿ. 18 ಡಿಗ್ರಿ ಇಳಿಜಾರಿನಲ್ಲಿ ಎರಡು ಮೀಟರ್ ಮುಂದೆ ಹೋದರೆ ದೃಷ್ಟಿ 65 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಅಲ್ಲಿಗೆ ಬಿಲ್ಲಿನ ನೆತ್ತಿ ಕಾಣುವುದು ನೆಲದಿಂದ 55 ಸೆಂಟಿಮೀಟರ್ ಮೇಲೆ, ಹೆಚ್ಚುಕಡಿಮೆ ಮಗುವಿನ ಸೊಂಟಕ್ಕಿಂತ ಕೆಳಗೆ. ಅದರ ಮೇಲೆ ಇರುವ ನೀರೆಲ್ಲ ಈ ಬಿಲ್ಲಿಗೆ ದಂಡ. ಮಕ್ಕಳು ನೋಡುತ್ತಿದ್ದದ್ದು ಅದನ್ನೇ, ತಲೆ ಎತ್ತಿ.

ಅದೇ ಸಂಜೆ ಸೂರ್ಯ 25 ಡಿಗ್ರಿಗೆ ಇಳಿದಾಗ ನೆತ್ತಿ ಕಣ್ಣಿನ ಮಟ್ಟಕ್ಕಿಂತ 17 ಡಿಗ್ರಿ ಮೇಲೆ ಬರುತ್ತದೆ. ಎರಡು ಮೀಟರ್ ದೂರದ ತೆರೆಯಲ್ಲಿ ಅದು ನೆಲದಿಂದ 1.8 ಮೀಟರ್ ಎತ್ತರ. ಆಗ ಪೈಪ್ ಎತ್ತಿ ಹಿಡಿಯುವುದೇ ಸರಿ. ಪೈಪ್ ಎತ್ತುವ ಅಭ್ಯಾಸ ಬಂದಿರುವುದು ಸಂಜೆ ಗಿಡಕ್ಕೆ ನೀರು ಬಿಡುವಾಗ ಇರಬೇಕು.

ಅಂಗಳದ ಪೈಪು

ಅದು ನಿಜ. ನಾನು ದಿನಾ ಗಿಡಕ್ಕೆ ನೀರು ಬಿಡುವವನು. ಬೆಳಗ್ಗೆ ಎಂಟಕ್ಕೆ ಬಿಲ್ಲಿನ ನೆತ್ತಿ ತಲೆಗಿಂತ ಮೇಲೆ ಕಾಣುತ್ತದೆ, ಬಿಸಿಲು ಏರಿದ ಹಾಗೆ ಕಾಲ ಹತ್ತಿರ ಬರುತ್ತದೆ. ಕಾರಣ ಗೊತ್ತಿರಲಿಲ್ಲ, ಆದರೆ ಎಲ್ಲಿ ನೋಡಬೇಕು ಅಂತ ಕಣ್ಣಿಗೆ ಗೊತ್ತು.

ಕೆಲಸಕ್ಕೆ ಬರುವ ಮಾತು ಒಂದಷ್ಟು ಹೇಳುತ್ತೇನೆ. ಪೈಪಿನ ಬಾಯಿಗೆ ಹಾಕುವ ಗನ್‌ನಲ್ಲಿ ಬೇರೆ ಬೇರೆ ಸೆಟ್ಟಿಂಗ್ ಇರುತ್ತದೆ. ತೀರಾ ನುಣ್ಣಗೆ ಮಂಜಿನ ಹಾಗೆ ಬರುವುದನ್ನು ಇಡಬೇಡಿ, ಬಣ್ಣ ಬಿಳಿಚಿಕೊಳ್ಳುತ್ತದೆ. ಶವರ್ ಥರ ಬರುವುದು ಒಳ್ಳೆಯದು. ಗನ್ ಇಲ್ಲದಿದ್ದರೆ ಬಾಯಿಗೆ ಹೆಬ್ಬೆರಳು ಒತ್ತಿದರೂ ಸಾಕು. ನೀರಿನ ಹಿಂದೆ ಕಪ್ಪಗೆ ಏನಾದರೂ ಇರಬೇಕು. ಬಿಳಿ ಗೋಡೆ ಎದುರು ಮಾಡಿದರೆ ಕಣ್ಣು ಕಿತ್ತರೂ ಕಾಣಲ್ಲ. ಗಾಳಿ ಅಡ್ಡ ಬೀಸುತ್ತಿದ್ದರೆ ನೀರು ಬೇರೆ ಕಡೆ ಹೋಗುತ್ತದೆ, ಮಕ್ಕಳು ನೆನೆಯುತ್ತಾರೆ, ಬಿಲ್ಲು ತುಂಡಾಗುತ್ತದೆ.

ಹನಿಲೆಕ್ಕ

ನೀವು ಹೇಳಿದ ಬಿಳಿಚುವಿಕೆಗೆ ಕಾರಣ ಹನಿಯ ಗಾತ್ರ. ಹನಿ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದಾದರೆ ಬೆಳಕಿನ ಅಲೆಯ ಗುಣ ಮುಂದೆ ಬರುತ್ತದೆ. ಪ್ರತಿ ಬಣ್ಣದ ಪಟ್ಟಿಯೂ ಅಗಲವಾಗಿ ಒಂದರ ಮೇಲೊಂದು ಬೀಳುತ್ತದೆ, ಕೊನೆಗೆ ಉಳಿಯುವುದು ಬಿಳಿ ಬಿಲ್ಲು. ಮಂಜಿನಲ್ಲಿ ಕಾಣುವ ಬಿಳಿ ಬಿಲ್ಲೂ ಹೀಗೇ ಆಗುವುದು. ಅರ್ಧ, ಒಂದು ಮಿಲಿಮೀಟರ್ ಹನಿಗಳಿಗೆ ಬಣ್ಣ ಚುರುಕಾಗಿರುತ್ತದೆ.

ನಿಮ್ಮ ಮೈದಾನದಲ್ಲಿ ಬಿಲ್ಲು ನೆಲದ ಮೇಲೇ ಕಾಣುವುದರಿಂದ ಕಪ್ಪು ಹಿನ್ನೆಲೆಯನ್ನೂ ನೆಲದ ಮೇಲೇ ಹಾಸಬೇಕು ಮೇಡಂ. ನೆತ್ತಿಯ ಕಡೆ ನೋಡುವ ದೃಷ್ಟಿ ನೆಲಕ್ಕೆ ತಾಗುವುದು ಮಗುವಿನಿಂದ ಸುಮಾರು 3.7 ಮೀಟರ್ ಮುಂದೆ. ಆ ಜಾಗದಲ್ಲಿ ಕಪ್ಪು ಟಾರ್ಪಾಲ್ ಅಥವಾ ದಟ್ಟ ಹಸಿರು ಹುಲ್ಲು ಇದ್ದರೆ ಒಳ್ಳೆಯದು. ಒಣ ಸಿಮೆಂಟ್ ನೆಲ ಬೇಡ.

ಬಿಸಿಲುಮಳೆ

ಇಷ್ಟು ಸಾಕು, ನೀರು ಎಲ್ಲಿರಬೇಕು ಅಂತ ಗೊತ್ತಾಯಿತು. ಇನ್ನು ಮಕ್ಕಳು. ಒಂದು ಬಾರಿಗೆ ಮೂವತ್ತು ಮಂದಿ ಬರುತ್ತಾರೆ. ಎಲ್ಲರನ್ನೂ ಸೂರ್ಯನಿಗೆ ಬೆನ್ನು ಹಾಕಿ ಒಂದೇ ಸಾಲಲ್ಲಿ ನಿಲ್ಲಿಸಿದರೆ ಆಯಿತಾ?

ಹನಿಲೆಕ್ಕ

ಆಗಲ್ಲ. ಪ್ರತಿ ಮಗುವಿನ ಬಿಲ್ಲಿಗೂ ಕೇಂದ್ರ ಅದರದ್ದೇ ತಲೆಯ ನೆರಳು. ಮಗು ಒಂದು ಮೀಟರ್ ಬಲಕ್ಕೆ ಸರಿದರೆ ಬಿಲ್ಲೂ ಒಂದು ಮೀಟರ್ ಬಲಕ್ಕೆ ಸರಿಯುತ್ತದೆ. ಒಂದೂವರೆ ಮೀಟರ್ ಅಗಲದ ನೀರಿನ ತೆರೆ ಇದ್ದರೆ ಎದುರಿಗಿರುವ ಮೂರ್ನಾಲ್ಕು ಮಕ್ಕಳಿಗೆ ಒಳ್ಳೆಯ ತುಂಡು ಸಿಗುತ್ತದೆ. ಸಾಲಿನ ಕೊನೆಯವರಿಗೆ ಅವರ ಬಿಲ್ಲು ಇರಬೇಕಾದ ಜಾಗದಲ್ಲಿ ಹನಿಯೇ ಇರುವುದಿಲ್ಲ.

ದಾರಿ ಎರಡು. ನಾಲ್ಕು ನಾಲ್ಕು ಮಕ್ಕಳನ್ನು ಮುಂದೆ ಕರೆಯುವುದು ಒಂದು. ಪೈಪ್ ಹಿಡಿದವರು ಸಾಲಿನ ಉದ್ದಕ್ಕೂ ನಡೆಯುತ್ತಾ ಹೋಗುವುದು ಇನ್ನೊಂದು. ನನಗೆ ಎರಡನೆಯದು ಇಷ್ಟ. "ನನಗೆ ಬಂತು", "ಈಗ ನನಗೆ ಬಂತು" ಅಂತ ಕೂಗು ಸಾಲಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯುತ್ತದೆ. ಬಿಲ್ಲು ಒಂದು ಕಡೆ ನಿಂತ ವಸ್ತು ಅಲ್ಲ ಅನ್ನುವುದನ್ನು ನೀವು ಬಾಯಿ ಬಿಟ್ಟು ಹೇಳುವ ಮೊದಲೇ ಅವರು ಕೂಗಿ ಹೇಳಿರುತ್ತಾರೆ.

ಮೂರನೇ ಬೆಂಚು

ಒಂದು ಸಣ್ಣ ವಿಷಯ. ನಾನು ಪೈಪ್ ನೀರನ್ನು ತೀರಾ ಹತ್ತಿರದಿಂದ ನೋಡಿದಾಗ ಎರಡು ಬಿಲ್ಲು ಒಂದಕ್ಕೊಂದು ಅಡ್ಡ ಹಾದ ಹಾಗೆ ಕಂಡಿತು. ಹೊರಗೊಂದು ಒಳಗೊಂದು ಇರುವ ಜೋಡಿ ಬಿಲ್ಲಲ್ಲ. ಎರಡೂ ಒಂದೇ ಥರ, ಪಕ್ಕಕ್ಕೆ ಸರಿದಿದ್ದವು. ನನ್ನ ಕಣ್ಣಿಗೆ ಏನಾದರೂ ಆಗಿದೆಯಾ?

ಹನಿಲೆಕ್ಕ

ಕಣ್ಣು ಚೆನ್ನಾಗಿದೆ. ಒಂದು ಕಣ್ಣು ಮುಚ್ಚಿ ನೋಡಿ, ಒಂದು ಬಿಲ್ಲು ಮಾಯವಾಗುತ್ತದೆ. ಎರಡು ಕಣ್ಣಿನ ನಡುವೆ ಆರೇಳು ಸೆಂಟಿಮೀಟರ್ ಅಂತರ ಇದೆ, ಹಾಗಾಗಿ ಪ್ರತಿ ಕಣ್ಣಿಗೂ ಅದರದ್ದೇ ಬಿಲ್ಲು. ದೂರದ ಮಳೆಯಲ್ಲಿ ಈ ಅಂತರ ಗೊತ್ತೇ ಆಗುವುದಿಲ್ಲ. ಅರ್ಧ ಮೀಟರ್ ದೂರದ ನೀರಿನ ಮೇಲೆ ದೃಷ್ಟಿ ನೆಟ್ಟರೆ ಎರಡೂ ಬೇರೆ ಬೇರೆ ಕಾಣುತ್ತವೆ.

ಬಿಸಿಲುಮಳೆ ಮೇಡಂ, ಇದನ್ನು ಬಿಡಬೇಡಿ. ನಿನಗೂ ನಿನ್ನ ಗೆಳತಿಗೂ ಕಾಣುವ ಬಿಲ್ಲು ಒಂದೇ ಅಲ್ಲ ಅಂದರೆ ಮಕ್ಕಳು ನಂಬುವುದು ಕಷ್ಟ. ನಿನ್ನ ಎಡಗಣ್ಣಿನ ಬಿಲ್ಲೇ ಬೇರೆ, ಬಲಗಣ್ಣಿನದೇ ಬೇರೆ ಅಂತ ತೋರಿಸಿದ ಮೇಲೆ ಅದು ಸುಲಭ.

ಪ್ರಿಸಂ ಪ್ರಿಯ

ಎಲ್ಲ ಸರಿ, ಕಾರಣ ಹೇಳುವಾಗ ಕ್ರಮವಾಗಿ ಹೇಳಿ. ಬೆಳಕು ಹನಿಯೊಳಗೆ ಹೋಗುವಾಗ ಬಾಗುತ್ತದೆ. ಹಿಂದಿನ ಗೋಡೆಯಲ್ಲಿ ಪೂರ್ಣ ಆಂತರಿಕ ಪ್ರತಿಫಲನ ಆಗುತ್ತದೆ. ಹೊರಗೆ ಬರುವಾಗ ಮತ್ತೆ ಬಾಗುತ್ತದೆ. ಏಳು ಬಣ್ಣ ಬೇರೆಯಾಗುತ್ತವೆ. ಮುಗಿಯಿತು.

ಹನಿಲೆಕ್ಕ

ಎರಡನೇ ಹೆಜ್ಜೆಯಲ್ಲಿ "ಪೂರ್ಣ" ಅನ್ನುವುದನ್ನು ತೆಗೆದುಹಾಕಿ. ದುಂಡಗಿನ ಹನಿಯಲ್ಲಿ ಅದು ಆಗಲು ಸಾಧ್ಯವೇ ಇಲ್ಲ. ಬೆಳಕು ಮುಂದಿನ ಮೈಯಲ್ಲಿ ಒಳಗೆ ಬಂದಾಗ ಯಾವ ಕೋನಕ್ಕೆ ಬಾಗುತ್ತದೋ, ಹಿಂದಿನ ಗೋಡೆಗೂ ಅದೇ ಕೋನದಲ್ಲಿ ತಾಗುತ್ತದೆ, ಯಾಕೆಂದರೆ ಎರಡೂ ಒಂದೇ ಗೋಳದ ಮೈ. ಒಳಗೆ ಬರಲು ಆದ ಬೆಳಕಿಗೆ ಹಿಂದಿನಿಂದ ಹೊರಗೆ ಹೋಗಲೂ ಆಗುತ್ತದೆ. ಕಾಮನಬಿಲ್ಲಿನ ಕಿರಣ ಹಿಂದಿನ ಗೋಡೆಗೆ ತಾಗುವುದು ಸುಮಾರು 40 ಡಿಗ್ರಿಯಲ್ಲಿ. ನೀರಿನಲ್ಲಿ ಪೂರ್ಣ ಪ್ರತಿಫಲನಕ್ಕೆ 48.6 ಡಿಗ್ರಿ ದಾಟಬೇಕು. ಹಾಗಾಗಿ ಹೆಚ್ಚಿನ ಬೆಳಕು ಹಿಂದಿನಿಂದ ಸೋರಿಹೋಗುತ್ತದೆ, ನೂರರಲ್ಲಿ ಐದಾರು ಪಾಲು ಮಾತ್ರ ತಿರುಗಿ ಬರುತ್ತದೆ. ಕಪ್ಪು ಹಿನ್ನೆಲೆ ಬೇಕಾಗುವುದಕ್ಕೆ ಇದೂ ಒಂದು ಕಾರಣ.

ಪ್ರಿಸಂ ಪ್ರಿಯ

ಎಷ್ಟೋ ಪುಸ್ತಕಗಳಲ್ಲಿ ಪೂರ್ಣ ಪ್ರತಿಫಲನ ಅಂತಲೇ ಇದೆ. ಪರೀಕ್ಷೆಯಲ್ಲಿ ಮಕ್ಕಳು ಬೇರೆ ಬರೆದರೆ ಅಂಕ ಯಾರು ಕೊಡುತ್ತಾರೆ?

ಒಂದೇ ಪ್ರಶ್ನೆ

ಐದನೇ ತರಗತಿ ಮಕ್ಕಳಿಗೆ "ಹಿಂದಿನ ಗೋಡೆಗೆ ತಾಗಿ ಸ್ವಲ್ಪ ಬೆಳಕು ವಾಪಸ್ ಬರುತ್ತೆ" ಅಂದರೆ ಸಾಕು. ಸುಳ್ಳೂ ಅಲ್ಲ, ಪರೀಕ್ಷೆಗೆ ತೊಂದರೆಯೂ ಇಲ್ಲ. ಈ ಜಗಳ ಇಲ್ಲಿಗೆ ಬಿಡಿ.

ನನ್ನ ಪ್ರಶ್ನೆ ಬೇರೆ. ಬೆಳಕು ಹನಿಯ ಎಲ್ಲ ಕಡೆ ಬೀಳುತ್ತದೆ, ಎಲ್ಲ ಕೋನದಲ್ಲೂ ವಾಪಸ್ ಬರಬೇಕು. ಹಾಗಾದರೆ 42 ಡಿಗ್ರಿಯಲ್ಲಿ ಮಾತ್ರ ಯಾಕೆ? ನಾನೂ ಪಾಠ ಮಾಡುವವನು. ಮಕ್ಕಳು ಇದನ್ನು ಕೇಳಿದಾಗ "ಅದು ನೀರಿನ ಗುಣ" ಅಂತ ದಾಟಿಸುವುದನ್ನೇ ಎಲ್ಲ ಕಡೆ ನೋಡಿದ್ದೇನೆ.

ಹನಿಲೆಕ್ಕ

ಇದೇ ವಿಷಯದ ತಿರುಳು. ನೀವು ಹೇಳಿದ್ದು ಸರಿ, 42ರೊಳಗಿನ ಎಲ್ಲ ಕೋನದಲ್ಲೂ ಬೆಳಕು ವಾಪಸ್ ಬರುತ್ತದೆ. 42ರಲ್ಲಿ ಗುಂಪುಗೂಡುತ್ತದೆ, ಅಷ್ಟೇ.

ಹನಿಯ ನಡುವಿನಿಂದ ಅಂಚಿನವರೆಗಿನ ದೂರವನ್ನು ಹತ್ತು ಭಾಗ ಮಾಡಿ. ಸರಿಯಾಗಿ ನಡುವಿಗೆ ಬಿದ್ದ ಕಿರಣ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ, ಅದರ ಕೋನ ಸೊನ್ನೆ. ಎರಡನೇ ಭಾಗದಲ್ಲಿ ಬಿದ್ದದ್ದು 11 ಡಿಗ್ರಿ ಸರಿದು ಬರುತ್ತದೆ. ನಾಲ್ಕಕ್ಕೆ 23, ಆರಕ್ಕೆ 33, ಎಂಟಕ್ಕೆ 41. ಹೀಗೇ ಏರುತ್ತದೆ ಅಂದುಕೊಂಡರೆ, ಎಂಟೂವರೆ ದಾಟಿದ ಕೂಡಲೇ 42 ಮುಟ್ಟಿ ನಿಲ್ಲುತ್ತದೆ. ಒಂಬತ್ತಕ್ಕೆ ಮತ್ತೆ 41.5, ಒಂಬತ್ತೂವರೆಗೆ 38, ಅಂಚಿನಲ್ಲಿ 14ಕ್ಕೆ ಬೀಳುತ್ತದೆ.

ಸೊನ್ನೆಯಿಂದ ಎರಡನೇ ಭಾಗದವರೆಗೆ ಬಿದ್ದ ಬೆಳಕು 11 ಡಿಗ್ರಿ ಅಗಲಕ್ಕೆ ಹರಡಿಹೋಯಿತು. ಎಂಟರಿಂದ ಒಂಬತ್ತನೇ ಭಾಗದವರೆಗೆ ಬಿದ್ದದ್ದೆಲ್ಲ ಒಂದೇ ಡಿಗ್ರಿಯೊಳಗೆ ಬಂದು ಸೇರಿತು. ಅದಕ್ಕೇ ಅಲ್ಲಿ ಹೊಳಪು. ಮಕ್ಕಳಿಗೆ ನಾನು ಜೋಕಾಲಿ ನೆನಪಿಸುತ್ತೇನೆ. ತುದಿ ಮುಟ್ಟಿ ತಿರುಗುವ ಕಡೆ ಜೋಕಾಲಿ ನಿಧಾನ, ಅಲ್ಲೇ ಜಾಸ್ತಿ ಹೊತ್ತು ಇರುತ್ತದೆ. ಕೋನವೂ 42ರ ತುದಿ ಮುಟ್ಟಿ ತಿರುಗುತ್ತದೆ.

42 ದಾಟಿ ಏನೂ ಬರುವುದಿಲ್ಲ. ಹಾಗಾಗಿ ಬಿಲ್ಲಿನ ಒಳಗಡೆ ಸ್ವಲ್ಪ ಬೆಳ್ಳಗೆ, ಹೊರಗಡೆ ಕಪ್ಪಗೆ ಕಾಣುತ್ತದೆ. ಕಪ್ಪು ಟಾರ್ಪಾಲ್ ಮೇಲೆ ಈ ವ್ಯತ್ಯಾಸ ಮಕ್ಕಳಿಗೂ ಗೊತ್ತಾಗುತ್ತದೆ, ಕೇಳಿ ನೋಡಿ. ಈ ರೀತಿ ಒಂದೊಂದೇ ಕಿರಣವನ್ನು ಲೆಕ್ಕ ಹಾಕಿ 42 ಡಿಗ್ರಿಗೆ ಕಾರಣ ತೋರಿಸಿದ್ದು ಡೆಕಾರ್ಟೆ, 1637ರಲ್ಲಿ. ಬಣ್ಣಗಳ ಲೆಕ್ಕ ಸರಿಹೋದದ್ದು ಆಮೇಲೆ, ನ್ಯೂಟನ್ ಕಾಲಕ್ಕೆ.

ಒಂದೇ ಪ್ರಶ್ನೆ

ಇದನ್ನು ಏಳನೇ ತರಗತಿಗೆ ಹೇಳಬಹುದು, ಐದಕ್ಕೆ ಆಗಲ್ಲ. ಕೋನ ಏರಿ ಇಳಿಯುತ್ತದೆ ಅಂದರೆ ಆ ವಯಸ್ಸಿಗೆ ಹಿಡಿತ ಸಿಗುವುದಿಲ್ಲ.

ಹನಿಲೆಕ್ಕ

ಜೋಕಾಲಿ ಹತ್ತಿದ ಮಗುವಿಗೆ ಸಿಗುತ್ತದೆ ಅಂತ ನನ್ನ ಅನಿಸಿಕೆ. ಕರಿಹಲಗೆ ಮೇಲೆ ಸಂಖ್ಯೆ ಬರೆದರೆ ಖಂಡಿತ ಸಿಗಲ್ಲ.

ಒಂದೇ ಪ್ರಶ್ನೆ

ನನಗೆ ಇನ್ನೂ ಅನುಮಾನ ಇದೆ. 25 ನಿಮಿಷದಲ್ಲಿ ನೀರೂ ಆಗಬೇಕು, ಸಾಲೂ ಆಗಬೇಕು.

ಬಿಸಿಲುಮಳೆ

ನನ್ನ ಮಗಳು ಈ ಚರ್ಚೆ ಓದಿ ಒಂದು ಪ್ರಶ್ನೆ ಎಸೆದಿದ್ದಾಳೆ. ನೇರಳೆ ಜಾಸ್ತಿ ಬಾಗುತ್ತದೆ, ಕೆಂಪು ಕಡಿಮೆ. ಪುಸ್ತಕದ ಚಿತ್ರದಲ್ಲಿ ಹನಿಯಿಂದ ಹೊರಬರುವಾಗ ನೇರಳೆ ಮೇಲೆ, ಕೆಂಪು ಕೆಳಗೆ ಇದೆ. ಬಿಲ್ಲಿನಲ್ಲಿ ಮಾತ್ರ ಕೆಂಪು ಮೇಲೆ. ಚಿತ್ರ ತಪ್ಪಾ?

ಪ್ರಿಸಂ ಪ್ರಿಯ

ಚಿತ್ರ ಸರಿ. ಕಣ್ಣಿನೊಳಗೆ ಬಿಂಬ ತಲೆಕೆಳಗಾಗುತ್ತದಲ್ಲ, ಅದಕ್ಕೆ.

ಹನಿಲೆಕ್ಕ

ಕಣ್ಣಿನ ಬಿಂಬಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಾಗಿದ್ದರೆ ಮರಗಳೂ ತಲೆಕೆಳಗೆ ಕಾಣಬೇಕಿತ್ತು.

ಚಿತ್ರದಲ್ಲಿರುವುದು ಒಂದೇ ಹನಿ. ಬಿಲ್ಲಿನಲ್ಲಿರುವುದು ಬೇರೆ ಬೇರೆ ಹನಿಗಳು. ಕೆಂಪು ವಾಪಸ್ ಬರುವುದು ಸುಮಾರು 42.4 ಡಿಗ್ರಿಯಲ್ಲಿ, ನೇರಳೆ ಸುಮಾರು 40.5ರಲ್ಲಿ. ಮೇಲಿನ ಹನಿಯಿಂದ ಬರುವ ಕೆಂಪು ಹೆಚ್ಚು ಕೆಳಮುಖವಾಗಿ ಇಳಿದು ಕಣ್ಣಿಗೆ ಬೀಳುತ್ತದೆ. ಅದೇ ಹನಿಯ ನೇರಳೆ ತಲೆಯ ಮೇಲಿಂದ ಹಾದುಹೋಗುತ್ತದೆ. ಸ್ವಲ್ಪ ಕೆಳಗಿನ ಹನಿಯ ನೇರಳೆ ಕಣ್ಣಿಗೆ ಸಿಗುತ್ತದೆ, ಅದರ ಕೆಂಪು ಕತ್ತಿನ ಕಡೆ ಹೋಗುತ್ತದೆ. ಒಂದು ಹನಿಯಿಂದ ಒಂದು ಕ್ಷಣಕ್ಕೆ ಒಂದು ಕಣ್ಣಿಗೆ ಸಿಗುವುದು ಒಂದೇ ಬಣ್ಣ. ಹನಿ ಬೀಳುತ್ತಾ ಹೋದ ಹಾಗೆ ನಿಮ್ಮ ಪಾಲಿಗೆ ಮೊದಲು ಕೆಂಪಾಗಿ, ಆಮೇಲೆ ಹಳದಿ, ಹಸಿರು, ನೇರಳೆಯಾಗಿ ಮುಗಿಯುತ್ತದೆ. ಅದರ ಜಾಗಕ್ಕೆ ಮೇಲಿಂದ ಇನ್ನೊಂದು ಬರುತ್ತದೆ. ನೀರು ಬೀಳುತ್ತಿದ್ದರೂ ಬಿಲ್ಲು ಅಲ್ಲಾಡದೆ ನಿಲ್ಲುವುದು ಹೀಗೆ.

ಇದನ್ನು ಕೈಯಲ್ಲಿ ಹಿಡಿದು ತೋರಿಸಬಹುದು. ಪ್ರಯೋಗಶಾಲೆಯ ದುಂಡು ತಳದ ಗಾಜಿನ ಫ್ಲಾಸ್ಕ್‌ಗೆ ಅಂಚಿನವರೆಗೆ ನೀರು ತುಂಬಿ, ಬಿಸಿಲಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿ. ಅದೇ ಒಂದು ದೊಡ್ಡ ಹನಿ. 14ನೇ ಶತಮಾನದ ಆರಂಭದಲ್ಲಿ ಫ್ರೈಬರ್ಗ್‌ನ ಥಿಯೊಡೊರಿಕ್ ಮತ್ತು ಪರ್ಷಿಯಾದ ಕಮಾಲ್ ಅಲ್-ದೀನ್ ಅಲ್-ಫಾರಿಸಿ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ನೀರು ತುಂಬಿದ ಗಾಜಿನ ಗೋಳದಲ್ಲೇ ಇದನ್ನು ಕಂಡುಕೊಂಡರು. ಮಗು ಸೂರ್ಯನಿಗೆ ಬೆನ್ನು ಹಾಕಿ ಫ್ಲಾಸ್ಕ್‌ನ ಅಂಚನ್ನು ನೋಡುತ್ತಾ ನಿಧಾನವಾಗಿ ಕುಳಿತುಕೊಳ್ಳಲಿ. ತಲೆ ಇಳಿದ ಹಾಗೆ ಅಂಚಿನಲ್ಲಿ ಒಂದು ಹೊಳಪು ನೀಲಿಯಿಂದ ಹಸಿರು, ಹಳದಿ, ಕೆಂಪಾಗಿ, ತಟ್ಟನೆ ಆರಿಹೋಗುತ್ತದೆ. ನಿಮ್ಮ 60 ಡಿಗ್ರಿ ಸೂರ್ಯನಿಗೆ ಫ್ಲಾಸ್ಕ್ ಕೆಳಗೇ ಇರಬೇಕು, ಎರಡು ಮೀಟರ್ ದೂರಕ್ಕೆ ಮಗುವಿನ ಕಣ್ಣಿಗಿಂತ 65 ಸೆಂಟಿಮೀಟರ್ ಕೆಳಗೆ. ಇನ್ನೊಂದು ಎಚ್ಚರ: ನೀರು ತುಂಬಿದ ಫ್ಲಾಸ್ಕ್ ಭೂತಗನ್ನಡಿಯೂ ಹೌದು. ಅದರ ಹಿಂದೆ ಕಾಗದ, ಬಟ್ಟೆ ಇಟ್ಟರೆ ಸುಡುತ್ತದೆ. ಕೆಲಸ ಮುಗಿದ ಕೂಡಲೇ ಬಿಸಿಲಿನಿಂದ ತೆಗೆದುಬಿಡಿ.

ಮೂರನೇ ಬೆಂಚು

ಹಾಗಾದರೆ ನನ್ನ ಫೋಟೋದಲ್ಲಿ ಯಾವಾಗಲೂ ಅರ್ಧ ಬಿಲ್ಲು ಬರುವುದು ಯಾಕೆ? ಮೊಬೈಲ್ ಕೆಟ್ಟಿದೆಯಾ?

ಅಂಗಳದ ಪೈಪು

ಬಿಲ್ಲು ಒಂದು ಕಡೆಯಿಂದ ಇನ್ನೊಂದು ಕಡೆಗೆ 84 ಡಿಗ್ರಿ ಅಗಲ ಅಂತ ಮೇಲಿನ ಲೆಕ್ಕದಿಂದಲೇ ಗೊತ್ತಾಗುತ್ತಲ್ಲ, 42 ಮತ್ತೆ 42. ಮೊಬೈಲಿನ ಮಾಮೂಲಿ ಕ್ಯಾಮೆರಾ ಅಷ್ಟು ಅಗಲ ನೋಡುವುದಿಲ್ಲ. ಅಗಲದ ಲೆನ್ಸ್‌ಗೆ ಬದಲಾಯಿಸಿ.

ಮೂರನೇ ಬೆಂಚು

ಅಗಲದ ಲೆನ್ಸಲ್ಲಿ ಬಂತು! ಇನ್ನೊಂದು ವಿಚಿತ್ರ. ನನ್ನ ಪೋಲರಾಯ್ಡ್ ತಂಪು ಕನ್ನಡಕ ಹಾಕಿಕೊಂಡರೆ ನೆತ್ತಿಯ ಭಾಗ ಕಾಣುವುದೇ ಇಲ್ಲ. ತಲೆ ಓರೆ ಮಾಡಿದರೆ ವಾಪಸ್ ಬರುತ್ತದೆ.

ಹನಿಲೆಕ್ಕ

ಸರಿಯಾಗಿ ಗಮನಿಸಿದ್ದೀರಿ. ಹನಿಯ ಹಿಂದಿನ ಗೋಡೆಯಿಂದ ವಾಪಸ್ ಬರುವ ಬೆಳಕು ಹೆಚ್ಚುಕಡಿಮೆ ಪೂರ್ತಿ ಒಂದೇ ದಿಕ್ಕಿನಲ್ಲಿ, ಬಿಲ್ಲಿನ ಗೆರೆಯ ಉದ್ದಕ್ಕೂ, ಕಂಪಿಸುತ್ತದೆ. ನೆತ್ತಿಯಲ್ಲಿ ಆ ಗೆರೆ ಅಡ್ಡ. ನಿಮ್ಮ ಕನ್ನಡಕ ತಡೆಯುವುದೂ ಅಡ್ಡ ಕಂಪನವನ್ನೇ. ಬಿಲ್ಲಿನ ಪಕ್ಕಗಳಲ್ಲಿ ಗೆರೆ ನೆಟ್ಟಗೆ, ಅಲ್ಲಿ ಕಾಣುತ್ತಲೇ ಇರುತ್ತದೆ. ಹಾಗಾಗಿ ವಿಜ್ಞಾನ ದಿನದಂದು ಪೈಪ್ ಹಿಡಿಯುವವರೂ ಟೀಚರೂ ಅಂಥ ಕನ್ನಡಕ ತೆಗೆದಿಡುವುದು ಒಳ್ಳೆಯದು.

ಬಿಸಿಲುಮಳೆ

ಇವತ್ತು ಮತ್ತೆ ಪ್ರಯೋಗ ಮಾಡಿದೆವು, ಹನ್ನೆರಡು ಮಕ್ಕಳು. ಹುಲ್ಲಿನ ಮೇಲೆ ಕಪ್ಪು ಟಾರ್ಪಾಲ್ ಹಾಸಿದೆವು. ಮಕ್ಕಳಿಗೆ ಮೊದಲು ತಮ್ಮ ತಲೆಯ ನೆರಳು ಹುಡುಕಲು ಹೇಳಿದೆ. ಆಮೇಲೆ ರಟ್ಟಿನ ತ್ರಿಕೋನ ಕೊಟ್ಟೆ. ಒಂದು ಬದಿ 20 ಸೆಂಟಿಮೀಟರ್, ಅದಕ್ಕೆ ಲಂಬವಾಗಿ ಇನ್ನೊಂದು 18, ಮೂರನೇ ಬದಿ ಓರೆ. 20ರ ಬದಿಗೂ ಓರೆ ಬದಿಗೂ ನಡುವಿನ ಮೂಲೆ ಸರಿಯಾಗಿ 42 ಡಿಗ್ರಿ ಬರುತ್ತದೆ. ಆ ಮೂಲೆಯನ್ನು ಕಣ್ಣಿನ ಪಕ್ಕ ಹಿಡಿದು, 20ರ ಬದಿಯನ್ನು ತಲೆಯ ನೆರಳಿನ ಕಡೆ ತಿರುಗಿಸಿದರೆ ಓರೆ ಬದಿ ಬಿಲ್ಲು ಇರಬೇಕಾದ ಜಾಗ ತೋರಿಸುತ್ತದೆ. ನೀರು ಬಿಡುವ ಮೊದಲೇ "ಅಲ್ಲಿ ಬರುತ್ತೆ" ಅಂತ ಎಲ್ಲರೂ ಬೆರಳು ತೋರಿಸಿದರು. ಪ್ರತಿಯೊಬ್ಬರ ಬೆರಳೂ ಬೇರೆ ಬೇರೆ ಜಾಗಕ್ಕೆ.

ನೀರನ್ನು ಮೊಣಕಾಲಿನಿಂದ ಸೊಂಟದ ಮಟ್ಟದಲ್ಲಿ ಬಿಟ್ಟು ಸಾಲಿನ ಉದ್ದಕ್ಕೂ ನಡೆದರು. ಹತ್ತು ಮಕ್ಕಳಿಗೆ ಕೂಡಲೇ ಕಂಡಿತು. ಇಬ್ಬರಿಗೆ ಕಾಣಲಿಲ್ಲ. ಅವರಲ್ಲಿ ಒಬ್ಬ ನೀರಿಗೆ ಹೆದರಿ ಹಿಂದೆ ಸರಿದಿದ್ದ. ಇನ್ನೊಬ್ಬಳ ಜಾಗದಲ್ಲಿ ಗೋಡೆಯ ನೆರಳು ಬಿದ್ದು ನೀರಿಗೆ ಬಿಸಿಲೇ ತಾಗುತ್ತಿರಲಿಲ್ಲ.

ಹನಿಲೆಕ್ಕ

ತ್ರಿಕೋನ ತುಂಬಾ ಚೆನ್ನಾಗಿದೆ. ಹಿಂದೆ ಸರಿದ ಮಗುವಿಗೆ ನೀರು ಇನ್ನೂ ಕೆಳಗಿರಬೇಕಿತ್ತು. ಮೂರು ಮೀಟರ್ ದೂರಕ್ಕೆ ನೆತ್ತಿ ನೆಲದಿಂದ 20 ಸೆಂಟಿಮೀಟರ್ ಮೇಲಷ್ಟೇ. ನಾಲ್ಕು ಮೀಟರ್ ಆದರೆ ನೆಲದೊಳಗೆ ಹೋಯಿತು. ಮಕ್ಕಳ ಸಾಲಿಗೆ ಸುಣ್ಣದಲ್ಲಿ ಗೆರೆ ಎಳೆದುಬಿಡಿ.

ಅಂಗಳದ ಪೈಪು

ಆ ಗೆರೆ ಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ನೋಡಿ ಎಳೆಯಿರಿ. ಸೂರ್ಯ ಬೆನ್ನಿಗೆ, ಗಾಳಿಯೂ ಬೆನ್ನಿಗೆ ಸಿಕ್ಕರೆ ಅದೃಷ್ಟ. ಮೈಕಿನ ವೈರ್ ನೀರಿನ ಕಡೆ ಬರದ ಹಾಗೆ ಯಾರನ್ನಾದರೂ ನಿಲ್ಲಿಸಿ.

ಕನ್ನಡಿಚೂರು

ಮೋಡ ಬಂದರೆ? ಆಗ ನನ್ನ ಬೋಗುಣಿಯೂ ನಡೆಯಲ್ಲ, ನಿಮ್ಮ ಪೈಪೂ ನಡೆಯಲ್ಲ. ಟಾರ್ಚ್ ಹಿಡಿದರೆ ಆಗುತ್ತಾ?

ಹನಿಲೆಕ್ಕ

ಕತ್ತಲೆ ಕೋಣೆಯಲ್ಲಿ ಕಪ್ಪು ರಟ್ಟಿಗೆ ಅಂಟು ಬಳಿದು, ರಸ್ತೆಯ ಬಿಳಿ ಗೆರೆಗೆ ಹಾಕುವಂಥ ಸಣ್ಣ ಗಾಜಿನ ಮಣಿಗಳನ್ನು ಉದುರಿಸಿ ಒಣಗಿಸಿ. ಒಂದು ಸಣ್ಣ, ಪ್ರಖರ ಬಿಳಿ ದೀಪವನ್ನು ಹಿಂದೆ ದೂರದಲ್ಲಿ ಇಟ್ಟರೆ ಬಿಲ್ಲು ಬರುತ್ತದೆ. ಆದರೆ ಗಾಜು ನೀರಿಗಿಂತ ಜಾಸ್ತಿ ಬಾಗಿಸುತ್ತದೆ, ಹಾಗಾಗಿ ಅದು 42ರಲ್ಲಿ ಅಲ್ಲ, ಸುಮಾರು 23 ಡಿಗ್ರಿಯಲ್ಲಿ. ಮೇಡಂ ಮಾಡಿದ ತ್ರಿಕೋನ ಅಲ್ಲಿ ಸುಳ್ಳು ಹೇಳುತ್ತದೆ.

ಒಂದೇ ಪ್ರಶ್ನೆ

ಏಳು ಬಣ್ಣ ಅಂತಲೇ ಹೇಳುತ್ತೀರಾ ಮೇಡಂ? ಪೈಪಿನ ನೀರಲ್ಲಿ ನನಗೆ ಯಾವತ್ತೂ ನಾಲ್ಕೈದಕ್ಕಿಂತ ಜಾಸ್ತಿ ಎಣಿಸಲು ಆಗಿಲ್ಲ.

ಬಿಸಿಲುಮಳೆ

ಇವತ್ತು ಮಕ್ಕಳಿಗೇ ಎಣಿಸಲು ಹೇಳಿದೆ. ಒಬ್ಬಳು ನಾಲ್ಕು ಅಂದಳು, ಒಬ್ಬ ಆರು. ಪುಸ್ತಕ ನೆನಪಿದ್ದವರು ಏಳು ಅಂದರು. ಬಣ್ಣಗಳ ನಡುವೆ ಗೆರೆ ಇಲ್ಲ, ಒಂದು ಇನ್ನೊಂದಕ್ಕೆ ಕರಗುತ್ತದೆ, ಅದಕ್ಕೇ ಎಣಿಕೆ ಬೇರೆ ಅಂತ ಹೇಳುವ ಯೋಚನೆ ಇದೆ.

ಪ್ರಿಸಂ ಪ್ರಿಯ

ಏಳು ಅಂತಲೇ ಹೇಳಿ ಮೇಡಂ. ನ್ಯೂಟನ್ ಹೇಳಿದ್ದಾನೆ.

ಹನಿಲೆಕ್ಕ

ನ್ಯೂಟನ್ ಮೊದಲು ಐದು ಎಣಿಸಿ, ಆಮೇಲೆ ಕಿತ್ತಳೆಯನ್ನೂ ಗಾಢ ನೀಲಿಯನ್ನೂ ಸೇರಿಸಿ ಏಳು ಮಾಡಿದ, ಸಂಗೀತದ ಏಳು ಸ್ವರಗಳಿಗೆ ಹೊಂದಿಸಲು.

ಪ್ರಿಸಂ ಪ್ರಿಯ

ಕೊನೆಗೆ ಏಳೇ ಆಯಿತಲ್ಲ ಸರ್!

ಬಿಸಿಲುಮಳೆ

ಅದನ್ನು ನೀವಿಬ್ಬರೂ ಇತ್ಯರ್ಥ ಮಾಡಿಕೊಳ್ಳಿ. ನನಗೆ ಗಾಜಿನ ಮಣಿ ಎಲ್ಲಿ ಸಿಗುತ್ತದೆ ಅಂತ ಹುಡುಕುವ ಕೆಲಸ ಇದೆ. ನಾಡಿದ್ದು ಮೋಡ ಇರಬಹುದು ಅಂತ ಹವಾಮಾನದವರು ಹೇಳಿದ್ದಾರೆ.